ನೀಲಿ ಪೆನ್ನಿನ ಗಂಟೆ

ಪುಣೆಯಲ್ಲಿರುವ ನನ್ನಕ್ಕನ ಮಗನಿಗೆ ಡಿಸ್ಲೆಕ್ಸಿಯಾ ಇದೆ. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತಾನೆ, ತಪ್ಪುಗಳು ಕಡಿಮೆ. ಇಂಗ್ಲಿಷಿನಲ್ಲಿ ಹಾಗಲ್ಲ. ‘ದೋ’, ‘ಥ್ರೂ’, ‘ಥಾಟ್’ ಮೂರರ ಸ್ಪೆಲಿಂಗೂ ಅವನ ಕಣ್ಣಿಗೆ ಒಂದೇ ಥರ. ಕನ್ನಡದಲ್ಲಿ ಬರೆದದ್ದಕ್ಕೂ ಉಚ್ಚಾರಕ್ಕೂ ನಂಟು ಗಟ್ಟಿ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಗುಂಪು ಪದಕ್ಕೊಂದು ದನಿ ಕೊಡುತ್ತದೆ. ಹಾಗಾಗಿ ಒಂದೇ ತೊಂದರೆ ಕನ್ನಡದಲ್ಲಿ ಬರೀ ನಿಧಾನವಾಗಿ, ಇಂಗ್ಲಿಷಿನಲ್ಲಿ ತಪ್ಪಾಗಿ ಕಾಣುತ್ತದೆ. ನೋಡಿದವರು ‘ಹುಡುಗ ಇಂಗ್ಲಿಷಲ್ಲಿ ವೀಕು’ ಎಂದು ಸುಮ್ಮನಾಗುತ್ತಾರೆ.

ಸಿಬಿಎಸ್‌ಇ ಹತ್ತನೇ ತರಗತಿಯ ಇಂಗ್ಲಿಷ್ ಪತ್ರಿಕೆ 80 ಅಂಕ, 3 ಗಂಟೆ. ಪ್ರಮಾಣಪತ್ರ ಇರುವ ಮಕ್ಕಳಿಗೆ ಗಂಟೆಗೆ 20 ನಿಮಿಷದಂತೆ ಇನ್ನೊಂದು ಗಂಟೆ ಸಿಗುತ್ತದೆ. ಬೇಕಿದ್ದರೆ ಬರೆದುಕೊಡುವ ಸ್ಕ್ರೈಬ್ ಅಥವಾ ಪ್ರಶ್ನೆ ಓದಿ ಹೇಳುವವರನ್ನೂ ಕೇಳಬಹುದು.

‘ಸ್ಕ್ರೈಬ್ ತಗೊಂಡ್ರೆ ಮಾರ್ಕ್ಸ್ ಜಾಸ್ತಿ ಬರುತ್ತಲ್ವೇನೇ?’ ಎಂದಳು ಅಕ್ಕ. ಯಾವುದನ್ನು ಕೇಳಬೇಕೆಂದು ತಿಳಿಯಲು ಮನೆಯಲ್ಲೇ ಎರಡು ಹಳೆಯ ಪತ್ರಿಕೆ ಬರೆಸಿದೆವು. ಮೊದಲನೆಯದರಲ್ಲಿ 3 ಗಂಟೆ ಕಪ್ಪು ಪೆನ್ನು, ಆಮೇಲಿನ ಒಂದು ಗಂಟೆ ನೀಲಿ. ಗದ್ಯಭಾಗ ಓದಿ ಉತ್ತರಿಸುವುದರಲ್ಲೇ ಹೊತ್ತು ಕಳೆದು, ಕಪ್ಪು ಪೆನ್ನು ನಿಂತಾಗ ಸಾಹಿತ್ಯದ ಅರ್ಧ ಖಾಲಿ ಇತ್ತು. ಆ ಉತ್ತರಗಳು ಅವನಿಗೆ ಗೊತ್ತಿದ್ದವು, ನೀಲಿಯಲ್ಲಿ ಬಂದವು. ಸ್ಪೆಲಿಂಗ್ ಮಾತ್ರ ಸುಧಾರಿಸಲಿಲ್ಲ, ಸಮಯ ಅದನ್ನು ಸರಿಮಾಡುವುದಿಲ್ಲ. ನೀಲಿಯಲ್ಲಿ ಹೊಸ ಉತ್ತರವೇ ಬಾರದೆ ಹಳೆಯದನ್ನೇ ತಿದ್ದುತ್ತ ಕೂತಿದ್ದರೆ, ಅವನಿಗೆ ಬೇಕಿರುವುದು ಗಂಟೆಯಲ್ಲ, ಬೇರೇನೋ ಎಂದು ತಿಳಿಯುತ್ತಿತ್ತು.

ಎರಡನೆಯದನ್ನು ಅವನು ಹೇಳುತ್ತ ಹೋದ, ಅಕ್ಕ ಬರೆದಳು. ಎರಡು ಸಾಲು ಹೇಳುವಷ್ಟರಲ್ಲಿ ಮೊದಲ ಸಾಲು ಮರೆಯುತ್ತಿತ್ತು. ತಿರುಗಿ ನೋಡೋಣವೆಂದರೆ ಅದು ಅಕ್ಕನ ಕೈಬರಹ, ಮತ್ತೆ ಓದುವ ಕಷ್ಟವೇ. ಸ್ಕ್ರೈಬ್ ಬೇಕಿದ್ದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಅವನಿಗೆ ಹೆಚ್ಚಿನ ಸಮಯ ಮತ್ತು ಓದಿ ಹೇಳುವವರು ಸಾಕೆಂದು ತೀರ್ಮಾನವಾಯಿತು.

ಉಳಿದದ್ದು ಕಾಗದ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಕಲಿಕೆಯ ನಿರ್ದಿಷ್ಟ ನ್ಯೂನತೆಯೂ ಸೇರಿದೆ. ಅದರಡಿ 2018ರಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ 8 ವರ್ಷದ ಮೇಲೆ ಪ್ರಮಾಣಪತ್ರ ಕೊಟ್ಟು, 14ಕ್ಕೂ 18ಕ್ಕೂ ಮರುಪರೀಕ್ಷೆ ಮಾಡಬೇಕಿತ್ತು. ಇವನ ಪತ್ರ 9ನೇ ವಯಸ್ಸಿನದು. ಒಂಬತ್ತನೇ ತರಗತಿಯಲ್ಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಹೊಸದು ಮಾಡಿಸಿದೆವು. ಖಾಸಗಿ ಮನಶ್ಶಾಸ್ತ್ರಜ್ಞರ ವರದಿ ಅಲ್ಲಿ ತೋರಿಸಲು ಉಪಯೋಗಕ್ಕೆ ಬಂತು, ಪ್ರಮಾಣಪತ್ರದ ಬದಲಿಗೆ ನಡೆಯಲಿಲ್ಲ. ಮಂಡಳಿಗೆ ಅರ್ಜಿ ಹೋಗುವುದು ಶಾಲೆಯ ಮೂಲಕ. ಶಾಲೆಯವರು ‘ಆಮೇಲೆ ನೋಡೋಣ’ ಎಂದಾಗ ಅಕ್ಕ ಏನೇನು ಬೇಕೆಂದು ಒಂದೊಂದಾಗಿ ಬರೆದುಕೊಟ್ಟು, ಸ್ವೀಕೃತಿಗೆ ಸಹಿ ಹಾಕಿಸಿಕೊಂಡಳು.

‘ಇವನಿಗೊಬ್ಬನಿಗೇ ಯಾಕೆ ಜಾಸ್ತಿ?’ ಎಂದು ನೆರೆಯವರು ಕೇಳಿದರು. ಅಕ್ಕ ಎರಡು ಬಣ್ಣದ ಆ ಉತ್ತರಪತ್ರಿಕೆ ತಂದು ಅವರ ಮುಂದಿಟ್ಟಳು.