ಮಿರ್ಚಿ ಮತ್ತು ಸಂಶೋಧಕ

ಧಾರವಾಡದ ಮಿರ್ಚಿ–ಗಿರಮಿಟ್ ಗಾಡಿಯ ಮುಂದೆ ಗೆಳೆಯ ತೆಗೆದ ನನ್ನ ಫೋಟೋಕ್ಕೆ ನಾನೇ ಬರೆದ ಅಡಿಬರಹ: ‘ಮೊದಲ ಮಿರ್ಚಿಯವರೆಗೆ ಸಂಶೋಧಕ, ಎರಡನೆಯದರಿಂದ ಸಂಶೋಧನೆಯ ವಸ್ತು.’

‘ಏನ್ ಖಾರ ಇಲ್ಲ, ತಗೋರಿ ಸರ’ ಎಂದ ಗಾಡಿಯವರು ಸುಳ್ಳು ಹೇಳಲಿಲ್ಲ. ಅವರ ನಾಲಿಗೆಗೆ ಅದು ಖಾರವಲ್ಲ. ಖಾರ ರುಚಿಯಲ್ಲ, ನೋವು. ಸುಮಾರು 43 ಡಿಗ್ರಿ ಬಿಸಿಗೆ ಎಚ್ಚರಗೊಳ್ಳುವ ನರತುದಿಗಳನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆಣಕುತ್ತದೆ. ಬಾಯಿ ಸುಡದಿದ್ದರೂ ಮಿದುಳಿಗೆ ಬೆಂಕಿಯ ಸುದ್ದಿ ಮುಟ್ಟುತ್ತದೆ. ದಿನವೂ ತಿನ್ನುವವರಲ್ಲಿ ಆ ನರಗಳು ಕ್ರಮೇಣ ಮೊಂಡಾಗುತ್ತವೆ.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಎಷ್ಟು ಕುಡಿದರೂ ಉರಿ ಆರದು. ಹಾಲು, ಮೊಸರಿನ ಕೇಸಿನ್ ಎಂಬ ಪ್ರೋಟೀನು ಅದನ್ನು ಹಿಡಿದು ನಾಲಿಗೆಯಿಂದ ಬಿಡಿಸುತ್ತದೆ. ಮಿರ್ಚಿ ಕಚ್ಚುವ ಮೊದಲು ಹತ್ತಿರ ಮೊಸರು ಎಲ್ಲಿ ಸಿಗುತ್ತದೆಂದು ನೋಡಿಕೊಳ್ಳುವುದೂ ಒಂದು ಪೂರ್ವಾಧ್ಯಯನವೇ.