ಏಳು ಮೊಳದಾಚೆ

ಶ್ರವಣಬೆಳಗೊಳ, ಬೆಳಗಿನ ಹೊತ್ತು. ಎಪ್ಪತ್ತು ದಾಟಿದ್ದ ಮಾತಾಜಿಯೊಬ್ಬರು ಬಿಳಿ ಸೀರೆಯ ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಳ್ಳುತ್ತ ಮೆಲ್ಲಗೆ ನಡೆದು ಬಂದರು. ಕಟ್ಟೆಯ ಮೇಲೆ ಕೂತಿದ್ದ ಮುನಿಗಳಿಗೆ ಮೂವತ್ತರ ಆಸುಪಾಸು. ಮಾತಾಜಿ ಹತ್ತಿರ ಹೋಗಲಿಲ್ಲ. ದೂರದಲ್ಲೇ ನಿಂತು, ಪಿಂಛಿಯಿಂದ ನೆಲ ಸವರಿ, ಎರಡೂ ಮಂಡಿ ಮಡಚಿ ಹಸು ಮಲಗಿದ ಹಾಗೆ ಕೂತು, ತಲೆ ಬಾಗಿಸಿ ‘ನಮೋಸ್ತು’ ಅಂದರು. ಮುನಿಗಳು ಪಿಂಛಿ ಎತ್ತಿ ಆಶೀರ್ವದಿಸಿದರು. ನಾನು ಮಾತಾಜಿಗೂ ‘ನಮೋಸ್ತು’ ಅನ್ನಲು ಹೊರಟಾಗ ಪಕ್ಕದ ಹೆಂಗಸು ಮೊಣಕೈ ತಿವಿದರು: “ಮಾತಾಜಿಯೋರಿಗೆ ವಂದಾಮಿ ಅನ್ಬೇಕು ಕಣಮ್ಮ. ನಮೋಸ್ತು ಮುನಿಗಳಿಗೆ ಮಾತ್ರ.”

ಆ ದೂರಕ್ಕೆ ಲೆಕ್ಕವಿದೆ ಅಂತ ಆಮೇಲೆ ತಿಳಿಯಿತು. ವಟ್ಟಕೇರರ ‘ಮೂಲಾಚಾರ’ದಲ್ಲಿ ಆರ್ಯಿಕೆಯರು ಆಚಾರ್ಯರಿಗೆ ಐದು ಮೊಳ, ಉಪಾಧ್ಯಾಯರಿಗೆ ಆರು ಮೊಳ, ಸಾಧುವಿಗೆ ಏಳು ಮೊಳ ದೂರದಿಂದ ಗವಾಸನದಲ್ಲಿ ಕೂತು ವಂದಿಸಬೇಕು ಎಂದಿದೆ. ಪದವಿ ದೊಡ್ಡದಾದಷ್ಟೂ ಅಂತರ ಕಡಿಮೆ. ಗೌರವ ಹೆಚ್ಚಾದರೆ ದೂರವೂ ಹೆಚ್ಚಬೇಕಲ್ಲವೇ ಅಂತ ನನಗೆ ಮೊದಲು ಅನ್ನಿಸಿತ್ತು. ಇದು ಗೌರವದ ಅಳತೆಯಲ್ಲ, ಕಾವಲಿನ ಅಳತೆ. ಆಚಾರ್ಯರ ಮೇಲೆ ನಂಬಿಕೆ ಹೆಚ್ಚು, ಸಾಮಾನ್ಯ ಸಾಧುವಿನ ಮೇಲೆ ಎರಡು ಮೊಳದಷ್ಟು ಕಡಿಮೆ. ನಿಯಮ ಹೆಣ್ಣನ್ನು ಬಾಗಿಸುವಾಗಲೇ ಗಂಡನ್ನೂ ಅನುಮಾನದಿಂದ ನೋಡುತ್ತಿದೆ.

*

ಎರಡು ಪುಸ್ತಕಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡಿದ್ದೇನೆ.

ಪಾಲಿ ವಿನಯಪಿಟಕದ ಚುಲ್ಲವಗ್ಗ. ಬುದ್ಧನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿ ತಲೆ ಬೋಳಿಸಿಕೊಂಡು, ಕಾಲು ಊದಿಸಿಕೊಂಡು, ಧೂಳು ಮೆತ್ತಿದ ಮೈಯಲ್ಲಿ ವೈಶಾಲಿಗೆ ನಡೆದು ಬರುತ್ತಾಳೆ. ಆನಂದ ಅವಳ ಪರವಾಗಿ ಮಾತಾಡುತ್ತಾನೆ. ಎಂಟು ಗರುಧಮ್ಮಗಳನ್ನು ಒಪ್ಪಿದರೆ ದೀಕ್ಷೆ ಎಂದಾಗುತ್ತದೆ. ಅದರಲ್ಲಿ ಮೊದಲನೆಯದು: ದೀಕ್ಷೆಯಾಗಿ ನೂರು ವರ್ಷವಾದ ಭಿಕ್ಷುಣಿಯೂ ಅದೇ ದಿನ ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ನಿಂತು ಕೈಮುಗಿಯಬೇಕು.

ಇನ್ನೊಂದು, ಶ್ವೇತಾಂಬರರ ಧರ್ಮದಾಸಗಣಿಯ ‘ಉಪದೇಶಮಾಲಾ’. ಅಲ್ಲೂ ನೂರು ವರ್ಷದ ಸಾಧ್ವಿ, ಅಲ್ಲೂ ಇವತ್ತು ದೀಕ್ಷೆ ಪಡೆದ ಸಾಧು, ಅಲ್ಲೂ ಅದೇ ನಮಸ್ಕಾರ. ಉಳಿದದ್ದರಲ್ಲೆಲ್ಲ ಜಗಳವಾಡಿದ ಎರಡು ಮನೆಗಳಲ್ಲಿ ಇದೊಂದು ಮಾತ್ರ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದೆ.

ಚುಲ್ಲವಗ್ಗದ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಎಂಟನ್ನೂ ಒಪ್ಪಿಕೊಂಡ ಗೌತಮಿ ಆಮೇಲೆ ಆನಂದನ ಮೂಲಕವೇ ಒಂದು ವರ ಕೇಳುತ್ತಾಳೆ. ಭಿಕ್ಷು, ಭಿಕ್ಷುಣಿ ಎಂಬ ಭೇದವಿಲ್ಲದೆ ದೀಕ್ಷೆಯ ಹಿರಿತನ ನೋಡಿ ವಂದಿಸುವ ಹಾಗಾಗಲಿ. ಮೊದಲ ಗರುಧಮ್ಮವನ್ನೇ ಹಿಂದಕ್ಕೆ ತೆಗೆದುಕೊಳ್ಳಿ ಅನ್ನುವ ಮಾತು ಇದು. ಉತ್ತರ ‘ಇಲ್ಲ’. ಕೊಟ್ಟ ಕಾರಣ ನನ್ನನ್ನು ವಾರಗಟ್ಟಲೆ ಕಾಡಿತು. ಧರ್ಮವನ್ನು ಸರಿಯಾಗಿ ಹೇಳಲು ಬಾರದ ಬೇರೆ ಪಂಥದವರೇ ಹೆಂಗಸರಿಗೆ ವಂದಿಸುವುದಿಲ್ಲ, ಇನ್ನು ತಥಾಗತ ಒಪ್ಪುವುದು ಹೇಗೆ ಎಂಬುದು ಅದರ ಸಾರ. ಹೆಂಗಸಿನ ಸ್ವಭಾವದ ಬಗ್ಗೆ, ಅವಳ ಸಾಧನೆಯ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ನೆರೆಮನೆಯವರು ಹೀಗೆ ಮಾಡುತ್ತಾರೆ, ಅಷ್ಟೆ. ಆ ನೆರೆಮನೆಗಳಲ್ಲಿ ಜೈನರದೂ ಒಂದು. ಬೀದಿಯಲ್ಲಿ ಅನ್ನ ಬೇಡಿ ಬದುಕುವ ಸಂಘಕ್ಕೆ ಬೀದಿ ಏನನ್ನುತ್ತದೆ ಎಂಬ ಅಂಜಿಕೆ ಇರುವುದು ನನಗೆ ಅರ್ಥವಾಗುತ್ತದೆ. ಆದರೂ ಅದೇ ಬೀದಿಯ ಎದುರು ಜಾತಿಯನ್ನು ಬದಿಗಿಟ್ಟು ಕ್ಷೌರಿಕ ಉಪಾಲಿಗೆ ಶಾಕ್ಯ ರಾಜಕುಮಾರರು ವಂದಿಸುವಂತೆ ಮಾಡಿದ ಸಂಘವಲ್ಲವೇ ಇದು?

*

ಹೆಣ್ಣಿಗೆ ಮುಕ್ತಿ ಇಲ್ಲ ಎಂಬ ನಂಬಿಕೆಯಿಂದ ಈ ನಿಯಮ ಹುಟ್ಟಿತೆ? ಹಾಗಂದುಕೊಂಡರೆ ಲೆಕ್ಕ ಕೂಡುವುದಿಲ್ಲ. ಆನಂದ ಕೇಳಿದಾಗ, ಹೆಣ್ಣು ಅರ್ಹಂತಪದ ಪಡೆಯಬಲ್ಲಳು ಎಂದು ಅದೇ ಕತೆಯಲ್ಲಿ ಬುದ್ಧ ಒಪ್ಪುತ್ತಾನೆ. ಶ್ವೇತಾಂಬರರು ಹತ್ತೊಂಬತ್ತನೆಯ ತೀರ್ಥಂಕರ ಮಲ್ಲಿಯೇ ಹೆಣ್ಣು ಅನ್ನುತ್ತಾರೆ. ಹೆಣ್ಣುಜನ್ಮದಲ್ಲಿ ಮೋಕ್ಷವಿಲ್ಲ ಅನ್ನುವವರು ದಿಗಂಬರರು ಮಾತ್ರ. ಮೂರು ಕಡೆಯೂ ನಮಸ್ಕಾರ ಒಂದೇ ದಿಕ್ಕಿಗೆ.

ಈ ಗಂಟನ್ನು ಬಿಡಿಸಲು ಕೈಹಾಕಿದವನು ನಮ್ಮ ಕಡೆಯವನೇ, ಒಂಬತ್ತನೆಯ ಶತಮಾನದ ಶಾಕಟಾಯನ. ಯಾಪನೀಯ ಪಂಥದವನು. ತನ್ನ ವ್ಯಾಕರಣದ ವೃತ್ತಿಗೆ ಅಮೋಘವರ್ಷ ನೃಪತುಂಗನ ಹೆಸರಿಟ್ಟವನು. ಯಾಪನೀಯ ಮುನಿಗಳು ದಿಗಂಬರರಂತೆ ಬತ್ತಲೆ, ಆದರೆ ಹೆಣ್ಣಿಗೆ ಮೋಕ್ಷವುಂಟು ಅನ್ನುವುದರಲ್ಲಿ ಶ್ವೇತಾಂಬರರ ಜತೆ. ಇವನು ‘ಸ್ತ್ರೀನಿರ್ವಾಣ ಪ್ರಕರಣ’ ಬರೆದ. ಮುನಿಗಳು ಆರ್ಯಿಕೆಯರಿಗೆ ವಂದಿಸುವುದಿಲ್ಲ, ಆದ್ದರಿಂದ ಅವರಿಗೆ ಮೋಕ್ಷವಿಲ್ಲ ಎಂಬುದು ಎದುರಾಳಿಯ ವಾದಗಳಲ್ಲೊಂದು. ಶಾಕಟಾಯನನ ಉತ್ತರ ಸರಳ. ತೀರ್ಥಂಕರರು ಗಣಧರರಿಗೆ ವಂದಿಸುವುದಿಲ್ಲ, ಹಾಗಂತ ಗಣಧರರಿಗೆ ಮೋಕ್ಷವಿಲ್ಲವೇ? ನಮಸ್ಕಾರ ಯಾರಿಗೆ ಸಲ್ಲುತ್ತದೆ ಎಂಬುದರಿಂದ ಒಳಗಿನ ಯೋಗ್ಯತೆ ತಿಳಿಯದು. ವಾದ ಗಟ್ಟಿಯಾಗಿದೆ. ಆದರೆ ಮೋಕ್ಷವನ್ನು ಬಿಡಿಸಿಕೊಂಡ ಅವನು ನಮಸ್ಕಾರವನ್ನು ಇದ್ದಲ್ಲೇ ಬಿಟ್ಟ.

*

ಹಾಗಾದರೆ ನಮಸ್ಕಾರವನ್ನು ಪಕ್ಕಕ್ಕಿಟ್ಟು ಅಧಿಕಾರವನ್ನು ನೋಡೋಣ ಅನ್ನಿಸಿತು. ಯಾರು ಕಲಿಸಬಹುದು, ಯಾರ ಕೈಕೆಳಗೆ ಇರಬೇಕು? ಇಲ್ಲಿ ಎರಡು ದಾರಿಗಳೂ ಬೇರೆಯಾಗುತ್ತವೆ.

ಶ್ವೇತಾಂಬರರ ‘ವ್ಯವಹಾರ ಸೂತ್ರ’ದ ಪ್ರಕಾರ ಮೂರು ವರ್ಷದ ಸಾಧು ಮೂವತ್ತು ವರ್ಷದ ಸಾಧ್ವಿಗೆ ಉಪಾಧ್ಯಾಯನಾಗಬಹುದು. ಐದು ವರ್ಷದ ಸಾಧು ಅರವತ್ತು ವರ್ಷದ ಸಾಧ್ವಿಗೆ ಆಚಾರ್ಯನಾಗಬಹುದು. ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟೆ. ಅರವತ್ತು ವರ್ಷ ಬರಿಗಾಲಲ್ಲಿ ನಡೆದವಳ ಮೇಲೆ ಐದು ವರ್ಷದವನು! ಮತ್ತೆ ತೆರೆದು ಹಿಂದಿನ ಅಧ್ಯಾಯಗಳನ್ನು ನೋಡಿದಾಗ ಆ ಮೂರು, ಐದು ಎಲ್ಲಿಂದ ಬಂದವು ಎಂದು ಗೊತ್ತಾಯಿತು. ಶಾಸ್ತ್ರ ಬಲ್ಲ ಸಾಧು ಉಪಾಧ್ಯಾಯನಾಗಲು ಕನಿಷ್ಠ ಮೂರು ವರ್ಷ, ಆಚಾರ್ಯನಾಗಲು ಕನಿಷ್ಠ ಐದು ವರ್ಷ ಎಂಬುದು ಎಲ್ಲರಿಗೂ ಅನ್ವಯಿಸುವ ನಿಯಮ. ಸಾಧ್ವಿಯ ಹಿರಿತನ ಎಷ್ಟೇ ಇರಲಿ, ಆ ಕನಿಷ್ಠವೇ ಸಾಕು ಅನ್ನುತ್ತಿದೆ ಸೂತ್ರ. ಅದೇ ಗ್ರಂಥ ಎಳೆಯ ಸಾಧುವಿಗೆ ಆಚಾರ್ಯ, ಉಪಾಧ್ಯಾಯ ಎಂದು ಇಬ್ಬರ ಆಸರೆ ಹೇಳಿ, ಸಾಧ್ವಿಗೆ ಅವರಿಬ್ಬರ ಜತೆ ಪ್ರವರ್ತಿನಿಯನ್ನೂ ಸೇರಿಸಿ ಮೂರು ಆಸರೆ ಹೇಳುತ್ತದೆ. ಅಂದರೆ ಚಿಂತೆ ಇರುವುದು ಅವಳು ಆಸರೆಯಿಲ್ಲದೆ ಉಳಿಯಬಾರದು ಎಂಬುದರ ಬಗ್ಗೆ. ಅವಳೇ ಇನ್ನೊಬ್ಬರಿಗೆ ಆಸರೆಯಾಗುವಷ್ಟು ಬೆಳೆದಿರಬಹುದು ಎಂಬುದು ಆ ಲೆಕ್ಕದೊಳಗೆ ಬರುವುದೇ ಇಲ್ಲ. ಸಾಧುವಿನ ವರ್ಷಗಳು ಕೂಡುತ್ತ ಹೋಗಿ ಪದವಿಯಾಗುತ್ತವೆ, ಅವಳ ವರ್ಷಗಳು ಪ್ರವರ್ತಿನಿಯ ಹಂತಕ್ಕೆ ಬಂದು ನಿಂತುಬಿಡುತ್ತವೆ.

ವಿನಯಪಿಟಕ ಇದಕ್ಕೆ ತಿರುಗುಮುರುಗು. ಹದಿನೈದು ದಿನಕ್ಕೊಮ್ಮೆ ಭಿಕ್ಷುಣಿಯರು ಭಿಕ್ಷುಸಂಘದಿಂದ ಉಪದೇಶ ಕೇಳಬೇಕು, ಅದು ಗರುಧಮ್ಮ. ಆದರೆ ಆ ಉಪದೇಶ ಹೇಳಲು ಸಂಘದ ನೇಮಕ ಬೇಕು, ಎಂಟು ಯೋಗ್ಯತೆ ಬೇಕು, ಅವುಗಳಲ್ಲಿ ಒಂದು ದೀಕ್ಷೆಯಾಗಿ ಇಪ್ಪತ್ತು ವರ್ಷ ಆಗಿರುವುದು. ಗಂಡುಶಿಷ್ಯನಿಗೆ ಉಪಾಧ್ಯಾಯನಾಗಲು ಹತ್ತು ವರ್ಷ ಸಾಕು. ಹೆಂಗಸರಿಗೆ ಹೇಳಲು ಅದರ ಎರಡರಷ್ಟು. ಭಿಕ್ಷುಣಿಯರಿಗೆ ಮೆಚ್ಚುಗೆಯಾದವನಾಗಿರಬೇಕು ಎಂಬುದೂ ಆ ಎಂಟರಲ್ಲಿ ಸೇರಿದೆ. ಇವತ್ತು ದೀಕ್ಷೆ ಪಡೆದವನಿಗೆ ನಮಸ್ಕಾರ ಸಿಗುತ್ತದೆ, ಮಾತಾಡುವ ಹಕ್ಕು ಸಿಗಬೇಕಾದರೆ ಇಪ್ಪತ್ತು ವರ್ಷ ಕಾಯಬೇಕು.

*

ಚುಲ್ಲವಗ್ಗದ ಎರಡು ಚಿಕ್ಕ ಪ್ರಸಂಗಗಳಿಗೆ ಗೆರೆ ಎಳೆದಿದ್ದೇನೆ.

ಮೊದಮೊದಲು ಭಿಕ್ಷುಣಿಯರು ತಪ್ಪೊಪ್ಪಿಗೆಯನ್ನು ಭಿಕ್ಷುಗಳ ಮುಂದೆ ಮಾಡಬೇಕಿತ್ತು. ರಸ್ತೆಯಲ್ಲಿ ಭಿಕ್ಷು ಕಂಡರೆ ಅಲ್ಲೇ ಪಾತ್ರೆ ಕೆಳಗಿಟ್ಟು, ಚೀವರವನ್ನು ಒಂದು ಹೆಗಲಿಗೆ ಸರಿಸಿ, ಕುಕ್ಕರಗಾಲಲ್ಲಿ ಕೂತು ಕೈಮುಗಿದು ಒಪ್ಪಿಸುತ್ತಿದ್ದರು. ನೋಡಿದ ಜನ ಆಡಿಕೊಂಡರು: ಇವರು ಇವರ ಹೆಂಡಿರೇ ಇರಬೇಕು, ರಾತ್ರಿ ಜಗಳವಾಡಿ ಬೆಳಗ್ಗೆ ಕ್ಷಮೆ ಕೇಳುತ್ತಿದ್ದಾರೆ ಎಂದು. ಇನ್ನು ಮೇಲೆ ಭಿಕ್ಷುಣಿಯರ ತಪ್ಪೊಪ್ಪಿಗೆಯನ್ನು ಭಿಕ್ಷುಣಿಯರೇ ಕೇಳಲಿ ಎಂದಾಯಿತು. ಪಾತಿಮೋಕ್ಖದ ಪಠಣವೂ ಹಾಗೆಯೇ ಅವರ ಕೈಗೆ ಬಂತು. ಬೀದಿಯ ಬಾಯಿಗೆ ಹೆದರಿ ಕೊಡದೆ ಉಳಿದದ್ದು ನಮಸ್ಕಾರ, ಅದೇ ಬಾಯಿಗೆ ಹೆದರಿ ಕೊಟ್ಟದ್ದು ಸ್ವಯಮಾಡಳಿತ. ಒಂದೇ ಭಯ ಎರಡು ಕಡೆ ಎಳೆದಿದೆ.

ಎರಡನೆಯದು ಕೆಸರುನೀರಿನ ಪ್ರಸಂಗ. ಪುಂಡಾಟಕ್ಕೆ ಹೆಸರಾದ ಆರು ಭಿಕ್ಷುಗಳ ಗುಂಪು ಭಿಕ್ಷುಣಿಯರ ಗಮನ ಸೆಳೆಯಲು ಅವರ ಮೇಲೆ ಕೆಸರು ಎರಚಿತು. ದೂರು ಬುದ್ಧನವರೆಗೆ ಹೋಯಿತು. ಅವನು ಕೊಟ್ಟ ದಂಡನೆ ಇದು: ಅಂಥ ಭಿಕ್ಷುವನ್ನು ಭಿಕ್ಷುಣಿಸಂಘ ‘ಅವಂದ್ಯ’ ಎಂದು ಸಾರಲಿ. ಅವನಿಗೆ ಯಾವ ಭಿಕ್ಷುಣಿಯೂ ಕೈಮುಗಿಯಬೇಕಿಲ್ಲ. ಸಾರುವವರು ಭಿಕ್ಷುಗಳಲ್ಲ, ಭಿಕ್ಷುಣಿಯರ ಸಂಘ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊದಲ ಗರುಧಮ್ಮಕ್ಕೆ ವಿನಾಯಿತಿಯೇ ಇಲ್ಲ ಅಂದುಕೊಂಡಿದ್ದೆ. ಇದೆ, ಅದರ ಕೀಲಿ ಕೈಮುಗಿಯುವವರ ಬಳಿಯೇ ಇದೆ. ಭಿಕ್ಷುಣಿಯರ ಮೇಲೆ ನಿಯಮ ಎಷ್ಟು ಭಾರ ಎಂದು ತೋರಿಸಲು 227ರ ಎದುರು 311 ಎಂಬ ಪಾಲಿ ಲೆಕ್ಕವನ್ನು ಎಲ್ಲರೂ ಉದ್ಧರಿಸುತ್ತಾರೆ. ‘ಅವಂದ್ಯ’ದ ಮಾತು ಎತ್ತಿದವರನ್ನು ನಾನು ಕಂಡದ್ದು ಕಡಿಮೆ.

*

ಮುಂಡಗೋಡ, 2016ರ ಡಿಸೆಂಬರ್. ದ್ರೆಪುಂಗ್ ಮಠದಲ್ಲಿ ಇಪ್ಪತ್ತು ಟಿಬೆಟನ್ ಸನ್ಯಾಸಿನಿಯರಿಗೆ ದಲೈ ಲಾಮಾ ಗೆಶೆಮಾ ಪದವಿ ಕೊಟ್ಟರು. ತರ್ಕ, ದರ್ಶನ ಎಲ್ಲ ಓದಿ, ವರ್ಷಗಟ್ಟಲೆ ಪರೀಕ್ಷೆ ಬರೆದು ಗೆದ್ದವರು. ಆದರೆ ಟಿಬೆಟನ್ ಪರಂಪರೆಯಲ್ಲಿ ಪೂರ್ಣ ಭಿಕ್ಷುಣಿ ದೀಕ್ಷೆಯ ಸರಣಿಯೇ ಬಂದಿರಲಿಲ್ಲವಾದ್ದರಿಂದ ಆ ವಿದ್ವಾಂಸೆಯರು ದೀಕ್ಷೆಯ ಲೆಕ್ಕದಲ್ಲಿ ಶ್ರಾಮಣೇರಿಯರೇ. ಜೈನರಲ್ಲಿ 1987ರಲ್ಲಿ ಅಮರಮುನಿಗಳು ಸಾಧ್ವಿ ಚಂದನಾ ಅವರಿಗೆ ಆಚಾರ್ಯ ಪದವಿ ಕೊಟ್ಟರು. ಐದು ವರ್ಷದ ಸಾಧುವಿಗೆ ಸೂತ್ರ ಒಪ್ಪುವ ಪದವಿ ಹೆಣ್ಣಿಗೆ ಸಿಗಲು ಅಲ್ಲಿಯವರೆಗೆ ಕಾಯಬೇಕಾಯಿತು. ಮಹಾವೀರನ ಸಂಘದಲ್ಲಿ 14,000 ಸಾಧುಗಳು, 36,000 ಸಾಧ್ವಿಯರು ಎಂದು ಕಲ್ಪಸೂತ್ರ ಹೇಳುತ್ತದೆ. ಆ ಸಾಧ್ವಿಯರ ಮುಖ್ಯಸ್ಥೆಯ ಹೆಸರೂ ಚಂದನಾ.

*

ಮತ್ತೆ ಬೆಳಗೊಳ, ಚಿಕ್ಕಬೆಟ್ಟ. ಏಳನೆಯ ಶತಮಾನದ ಹೊತ್ತಿನ ನಿಸಿದಿ ಬರಹಗಳಲ್ಲಿ ಗಂತಿಯರೂ ಇದ್ದಾರೆ. ಮೌನಿಗುರವರ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ವ್ರತ ಹಿಡಿದು ದೇಹ ಬಿಟ್ಟದ್ದನ್ನು ಒಂದು ಬರಹ ಹೇಳುತ್ತದೆ. ಅದನ್ನು ಕೆತ್ತಿದವನು ಬಳಸಿದ ಕ್ರಿಯಾಪದ ‘ನೋಂತು ಮುಡಿಪು’. ಗಂಡಸರ ಬರಹಗಳಲ್ಲೂ ಅದೇ ಕ್ರಿಯಾಪದ. ಅವರೂ ಯಾವುದೋ ಗುರುವಿನ ಶಿಷ್ಯರು, ಅವರೂ ನೋಂತರು, ಅವರೂ ಮುಡಿಪಿದರು. ಹೆಣ್ಣಿಗೊಂದು ಗಂಡಿಗೊಂದು ಅಂತ ಬೇರೆ ಕ್ರಿಯಾಪದ ಕೆತ್ತಿಲ್ಲ. ಬೆಟ್ಟ ಇಳಿಯುವಾಗ ಆ ಮಾತಾಜಿ ಮತ್ತೆ ಎದುರಾದರು. ದಾರಿ ಬಿಟ್ಟು ನಿಂತು ‘ವಂದಾಮಿ’ ಅಂದೆ. ಪಿಂಛಿ ಎತ್ತಿದರು.