ಅಡ್ವಾನ್ಸು, ಅಡುಗೆಮನೆ ಮತ್ತು ಒಂದು ತವಾದ ಕಲೆ

ಪೋಸ್ಟು ಸ್ವಲ್ಪ ಉದ್ದ ಇದೆ, ಪುರಸೊತ್ತು ಮಾಡ್ಕೊಂಡು ಓದಿ. ಸ್ಕಾಲರ್‌ಶಿಪ್ ತಗೊಂಡು ಸೆಪ್ಟೆಂಬರ್‌ಗೆ ಇಂಗ್ಲೆಂಡಿಗೆ ಹೊರಟಿರೋ ನಮ್ಮ ಮಕ್ಕಳು ಯಾರಾದರೂ ಇದ್ದರೆ ಅವರಿಗೆ ಮುಟ್ಟಿಸಿ.

ನನ್ನ ಅಕ್ಕನ ಮಗಳು ಅಲ್ಲಿ ಒಂದು ವರ್ಷ ಎಂ.ಎಸ್ಸಿ. ಓದಿದಳು. ನಮ್ಮ ಮನೆತನದಲ್ಲಿ ಪಾಸ್‌ಪೋರ್ಟ್ ಮಾಡಿಸಿದ ಮೊದಲನೆಯವಳು. ಹೋಗುವ ಹಿಂದಿನ ದಿನ ಅಕ್ಕ ಚಟ್ನಿಪುಡಿ, ಸಾಂಬಾರುಪುಡಿ ಕಟ್ಟಿಕೊಟ್ಟಳು. ನಾನು ಗುಮಾಸ್ತ, ನನ್ನ ಹತ್ತಿರ ಕೊಡೋಕೆ ಇದ್ದದ್ದು ಒಂದೇ ಮಾತು: "ಆ ದೇಶದಲ್ಲಿ ಏನೇ ಆಗಲಿ ಕಡತ ಮಾಡವ್ವ. ಬಾಯಲ್ಲಿ ಹೇಳಿದ್ದು ಹೇಳಿದ ಹಾಗೇ ಅಲ್ಲ, ಬರೆದು ಕಳಿಸಿದ್ದು ಮಾತ್ರ ಹೇಳಿದ ಹಾಗೆ." ಅವಳು ನಕ್ಕಳು. ಹನ್ನೊಂದು ತಿಂಗಳಾದ ಮೇಲೆ ನಗಲಿಲ್ಲ.

ನಾಲ್ಕು ಜನ ಹುಡುಗಿಯರು ಸೇರಿ ಒಂದು ಖಾಸಗಿ ಮನೆ ಹಿಡಿದಿದ್ದರು. ಇಬ್ಬರು ನಮ್ಮ ದೇಶದವರೇ, ಇನ್ನೊಬ್ಬಳು ನೈಜೀರಿಯಾದವಳು, ನಾಲ್ಕನೆಯವಳು ಇವಳು. ತಲೆಗೆ 450 ಪೌಂಡ್, ಒಟ್ಟು ತಿಂಗಳಿಗೆ 1800. ಅಡ್ವಾನ್ಸು 2000, ಅಂದರೆ ತಲಾ 500. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸು ಅಲ್ಲಿ ಕೇಳೋ ಹಾಗಿಲ್ಲ. 2019ರ ಕಾನೂನಿನ ಪ್ರಕಾರ ಇಂಥ ಬಾಡಿಗೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ತಗೊಳ್ಳುವಂತಿಲ್ಲ. ತಗೊಂಡ ದುಡ್ಡನ್ನೂ ಮಾಲೀಕ ತನ್ನಿಷ್ಟದಂತೆ ಇಟ್ಟುಕೊಳ್ಳೋ ಹಾಗಿಲ್ಲ. ಸರ್ಕಾರ ಒಪ್ಪಿದ ಮೂರು ಸ್ಕೀಮ್‌ಗಳಿವೆ: ಡಿಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡಿಪಾಸಿಟ್ಸ್, ಟೆನೆನ್ಸಿ ಡಿಪಾಸಿಟ್ ಸ್ಕೀಮ್. ಇವುಗಳಲ್ಲಿ ಒಂದರಲ್ಲಿ 30 ದಿನದೊಳಗೆ ನೋಂದಾಯಿಸಿ, ಅದರ ವಿವರವನ್ನು ಬಾಡಿಗೆದಾರರಿಗೆ ಬರಹದಲ್ಲಿ ಕೊಡಬೇಕು. ಕೊಡದಿದ್ದರೆ ಕೋರ್ಟಿಗೆ ಹೋಗಬಹುದು; ಕೋರ್ಟು ಅಡ್ವಾನ್ಸಿನ ಒಂದರಿಂದ ಮೂರು ಪಟ್ಟು ದಂಡ ಕೊಡಿಸಬಹುದು. ಇವಳು ಮೂವತ್ತೊಂದನೇ ದಿನ ಸ್ಕೀಮಿನ ವೆಬ್‌ಸೈಟಿನಲ್ಲಿ ಹುಡುಕಿ, ದುಡ್ಡು ಅಲ್ಲಿದೆ ಅಂತ ಖಾತ್ರಿ ಮಾಡಿಕೊಂಡಳು.

ಇಲ್ಲೇ ಒಂದು ಎಚ್ಚರಿಕೆ. ಈ ರಕ್ಷಣೆ ಎಲ್ಲರಿಗೂ ಇಲ್ಲ. ಯೂನಿವರ್ಸಿಟಿಯದ್ದೇ ಹಾಸ್ಟೆಲ್ಲಾದರೆ ಸ್ಕೀಮಿನ ಈ ನಿಯಮ ಬರಲ್ಲ. ಮಾಲೀಕ ಅದೇ ಮನೆಯಲ್ಲಿ ವಾಸ ಇದ್ದು ಒಂದು ರೂಮು ಕೊಟ್ಟಿದ್ದರೂ ಬರಲ್ಲ. ನಮ್ಮ ಮಕ್ಕಳು ಹೆಚ್ಚು ಬೀಳೋ ಗುಂಡಿ ಇದೇ: "ಅಣ್ಣಾ, ನಮ್ಮ ಮನೇಲಿ ಒಂದು ರೂಮು ಖಾಲಿ ಇದೆ, 400 ಕೊಟ್ಟು ಬಂದುಬಿಡು" ಅಂತ ವಾಟ್ಸಾಪಿನಲ್ಲಿ ಹೇಳೋ ನಮ್ಮವನಿಗೇ ದುಡ್ಡು ಕೊಟ್ಟು ಸೇರಿಕೊಳ್ಳೋದು. ಅವನೂ ಅಲ್ಲೇ ಇದ್ದು, ಮಾಲೀಕನ ಜೊತೆಗಿನ ಕರಾರಿನಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ, ನಾಳೆ ಅವನು ಕೈಯೆತ್ತಿದಾಗ ಸ್ಕೀಮಿನ ಬಾಗಿಲು ನಿಮಗೆ ತೆರೆಯಲ್ಲ.

ಇನ್ನು ಅಡುಗೆಮನೆಗೆ ಬರ್ತೀನಿ.

ಎರಡನೇ ವಾರ ಇವಳು ಕೋಳಿ ಸಾರು ಮಾಡಿದಳು. ನಮ್ಮ ದೇಶದ ಇಬ್ಬರೂ ಮೂಗು ಮುಚ್ಚಿಕೊಂಡರು. "ನಾವು ಪ್ಯೂರ್ ವೆಜ್, ನಮ್ಮ ಪಾತ್ರೆ ಮುಟ್ಟಬೇಡ" ಅಂದರು. ಇವಳು ಸರಿ ಅಂದಳು, ತನ್ನ ಪಾತ್ರೆ ಬೇರೆ ತಂದುಕೊಂಡಳು. ಆಮೇಲೆ ಫ್ರಿಜ್ಜಿನ ಮೇಲಿನ ಅರೆ ಬಿಡು ಅಂದರು, ಬಿಟ್ಟಳು. ಒಂದು ದಿನ ಮಾತಿಗೆ ಮಾತು ಬಂದು "ನಿಮ್ಮ ಸರ್‌ನೇಮ್ ಏನು?" ಅಂತ ಕೇಳಿದರು. ನಮ್ಮ ಕಡೆ ಅಪ್ಪನ ಹೆಸರು ಹಾಕ್ಕೋತೀವಿ ಅಂದಳು. ಸ್ಕಾಲರ್‌ಶಿಪ್ ಯಾವುದು ಅಂತ ಕೇಳಿದರು. ಅದನ್ನೂ ಹೇಳಿದಳು. ಅವತ್ತಿನಿಂದ ಅವಳು ಅಡುಗೆ ಮಾಡಿದ ಒಲೆಯನ್ನು ಒರೆಸಿ, ಮತ್ತೆ ಒರೆಸಿ, ಆಮೇಲೆ ಹಾಲು ಇಡೋಕೆ ಶುರುವಾಯಿತು. ಇವಳು ಬರೀ ಅನ್ನ ಮಾಡಿದ ದಿನವೂ.

ರಾತ್ರಿ ಫೋನ್ ಮಾಡಿ ಅತ್ತಳು. "ಮಾವ, ನಾನೇ ಜಾಸ್ತಿ ಯೋಚಿಸ್ತಿದೀನಾ? ಅವರ ಊಟದ ಪದ್ಧತಿ ಅಷ್ಟೇನಾ?"

ನಾನು ಒಂದೇ ಪ್ರಶ್ನೆ ಕೇಳಿದೆ. "ಆ ನೈಜೀರಿಯಾದ ಹುಡುಗಿ ಏನು ಮಾಡ್ತಾಳೆ?"

"ದಿನಾ ಮಾಂಸ ಮಾಡ್ತಾಳೆ."

"ಅವಳ ಒಲೆ ಒರೆಸ್ತಾರಾ?"

ಸುಮಾರು ಹೊತ್ತು ಸುಮ್ಮನಿದ್ದಳು. "ಇಲ್ಲ ಮಾವ."

ಗೆಳೆಯರೇ, ಗುರುತು ಹಿಡಿಯೋ ದಾರಿ ಇದು. "ನನ್ನ ಪಾತ್ರೆಗೆ ಮಾಂಸ ತಾಗಿಸಬೇಡ" ಅನ್ನೋದು ಊಟದ ನಿಯಮ, ಅದನ್ನು ಗೌರವಿಸೋಣ. ಅದೇ ಮಾಂಸಕ್ಕೆ ಒಬ್ಬಳಿಗೆ ಇಲ್ಲದ ನಿಯಮ ಇನ್ನೊಬ್ಬಳಿಗೆ ಇದ್ದರೆ, ಅನ್ನ ಬೇಯಿಸಿದ ಒಲೆಯೂ ಮೈಲಿಗೆಯಾದರೆ, ಅದು ಜಾತಿ. ಊಟದ ನಿಯಮ ಪಾತ್ರೆಯನ್ನು ನೋಡುತ್ತೆ, ಜಾತಿ ಕೈಯನ್ನು ನೋಡುತ್ತೆ.

ಕಾನೂನು ಏನು ಹೇಳುತ್ತೆ? ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯ ಪಟ್ಟಿಯಲ್ಲಿ ಜಾತಿ ಅನ್ನೋ ಪದವನ್ನು ನೇರವಾಗಿ ಸೇರಿಸಿಲ್ಲ. ಸೇರಿಸೋದಿಲ್ಲ ಅಂತ 2018ರಲ್ಲಿ ಅಲ್ಲಿನ ಸರ್ಕಾರ ಹೇಳಿತು. ಆದರೆ 2014ರ ಒಂದು ಮೇಲ್ಮನವಿ ತೀರ್ಪು, ಜನಾಂಗೀಯ ಮೂಲ ಅನ್ನೋದರೊಳಗೆ ಜಾತಿ ಬರಬಹುದು ಅಂತ ಒಪ್ಪಿದೆ. ಆದರೂ ಆ ಕಾಯ್ದೆ ಹಿಡಿಯೋದು ಮಾಲೀಕ, ಕೆಲಸ ಕೊಟ್ಟವನು, ಯೂನಿವರ್ಸಿಟಿ ಇಂಥವರನ್ನು. ಒಂದೇ ಮನೆಯ ಹುಡುಗಿಯರ ಒಲೆ ಜಗಳಕ್ಕೆ ಅದು ಅಷ್ಟಾಗಿ ಬರಲ್ಲ. ಕರಾರು ಮುರಿದು ಹೊರಗೆ ಹೋಗೋಣ ಅಂದರೆ ಅದೂ ಸುಲಭ ಇರಲಿಲ್ಲ. ನಾಲ್ವರೂ ಒಂದೇ ಕರಾರಿಗೆ ಸಹಿ ಹಾಕಿದ್ದರು. ಅಂಥ ಜಂಟಿ ಕರಾರಿನಲ್ಲಿ ಒಬ್ಬರು ಬಾಡಿಗೆ ನಿಲ್ಲಿಸಿದರೂ ಮಾಲೀಕ ಉಳಿದ ಯಾರ ಹತ್ತಿರ ಬೇಕಾದರೂ ಪೂರ್ತಿ ಕೇಳಬಹುದು.

ಅವಳು ಸ್ಟೂಡೆಂಟ್ಸ್ ಯೂನಿಯನ್ನಿನ ಸಲಹಾ ಕೇಂದ್ರಕ್ಕೆ ಹೋದಳು. ಅದು ಉಚಿತ. ಅಲ್ಲಿದ್ದ ಹೆಂಗಸು ಜಾತಿ ಅಂದರೇನು ಅಂತಲೇ ಕೇಳಿದರಂತೆ, ಆದರೆ ಸಲಹೆ ಒಳ್ಳೇದು ಕೊಟ್ಟರು: ಮನೆಯ ಒಪ್ಪಂದ ಅಂತ ಒಂದು ಹಾಳೆ ಬರೆಯಿರಿ, ನಾಲ್ವರಿಗೂ ಒಂದೇ ಮಾತು ಅನ್ವಯಿಸಲಿ. ಬರೆದರು. ಯಾರ ಪಾತ್ರೆ ಯಾರದು, ಫ್ರಿಜ್ಜಿನಲ್ಲಿ ತಲೆಗೊಂದು ಅರೆ, ಅಡುಗೆ ಮಾಡಿದವರು ಅರ್ಧ ಗಂಟೆಯೊಳಗೆ ಒಲೆ ಒರೆಸಬೇಕು, ಓವನ್ ತೊಳೆಯೋದು ವಾರಕ್ಕೊಬ್ಬರ ಸರದಿ. ತೊಳೆದ ಮೇಲೆ ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕಬೇಕು. ಮನಸ್ಸು ಬದಲಾಯಿತಾ ಅಂದರೆ ಇಲ್ಲ. ಆದರೆ ಮಾತಿನ ಜಾಗಕ್ಕೆ ಕಾಗದ ಬಂತು, ಒರೆಸಿದ್ದನ್ನೇ ಒರೆಸೋದು ಕಮ್ಮಿಯಾಯಿತು. ನೈಜೀರಿಯಾದ ಹುಡುಗಿ ಮಾತ್ರ ವಿಷಯ ಪೂರ್ತಿ ಕೇಳಿ, ಭಾನುವಾರ ಇವಳ ಜೊತೆ ಒಂದೇ ಪಾತ್ರೆಯಲ್ಲಿ ಅಡುಗೆ ಮಾಡೋಕೆ ಶುರು ಮಾಡಿದಳು.

ಆಗಸ್ಟ್ ಕೊನೆಗೆ ಮನೆ ಬಿಟ್ಟರು. ಮಾಲೀಕನ ಈಮೇಲ್ ಬಂತು: ಮನೆ ಪೂರ್ತಿ ಶುಚಿ ಮಾಡಿಸೋಕೆ 240, ಅಡುಗೆ ಕಟ್ಟೆಯ ಮೇಲೆ ಸುಟ್ಟ ಕಲೆ, ಕಟ್ಟೆ ಬದಲಿಸೋಕೆ 480, ಅಡುಗೆಮನೆ ಗೋಡೆಗೆ ಬೂಷ್ಟು, ಬಣ್ಣಕ್ಕೆ 140. ಒಟ್ಟು 860 ಪೌಂಡ್ ಕಡಿತ. ಅದರ ಹಿಂದೆಯೇ ಗ್ರೂಪಿನಲ್ಲಿ ಆ ಇಬ್ಬರ ಮೆಸೇಜು: "ಮಾಂಸ ಮಾಡಿ ಅಡುಗೆಮನೆ ಹಾಳು ಮಾಡಿದ್ದು ನೀನು, 860 ಪೂರ್ತಿ ನಿನ್ನ ಪಾಲಿನಿಂದ ಹೋಗಲಿ." ಅವಳ ಪಾಲೇ 500!

ಇಲ್ಲಿ ಎರಡು ಜಗಳ ಇವೆ, ಬೇರೆ ಬೇರೆ ಮಾಡಿಕೊಳ್ಳಬೇಕು. ಸ್ಕೀಮು ತೀರ್ಮಾನಿಸೋದು ಮಾಲೀಕನಿಗೆ ಎಷ್ಟು, ಬಾಡಿಗೆದಾರರಿಗೆ ಎಷ್ಟು ಅನ್ನೋದನ್ನು ಮಾತ್ರ. ನಾಲ್ವರು ತಮ್ಮೊಳಗೆ ಹೇಗೆ ಹಂಚಿಕೋಬೇಕು ಅನ್ನೋದು ಅದರ ಕೆಲಸ ಅಲ್ಲ. ಅದಕ್ಕೇ ಮೊದಲು ಮಾಲೀಕನ ಲೆಕ್ಕ, ಆಮೇಲೆ ಒಳಗಿನ ಲೆಕ್ಕ ಅಂದೆ. ತಕರಾರಿಲ್ಲದ 1140 ಮೊದಲು ವಾಪಸ್ ಬಂತು. ಉಳಿದ 860ಕ್ಕೆ ಸ್ಕೀಮಿನಲ್ಲೇ ತಕರಾರು ಹಾಕಿದಳು. ಅದಕ್ಕೆ ಫೀಸಿಲ್ಲ, ವಕೀಲರು ಬೇಡ, ಆದರೆ ಎರಡೂ ಕಡೆ ಒಪ್ಪಬೇಕು, ಮಾಲೀಕ ಒಪ್ಪಿದ. ಇಲ್ಲಿ ಒಂದು ಮುಖ್ಯ ಮಾತು: ದುಡ್ಡು ಬಾಡಿಗೆದಾರರದ್ದು ಅಂತಲೇ ಲೆಕ್ಕ ಶುರುವಾಗುತ್ತೆ. ಹಾಳಾಗಿದೆ ಅಂತ ರುಜುವಾತು ಮಾಡೋ ಹೊಣೆ ಮಾಲೀಕನದು. ತೀರ್ಪುಗಾರರು ಮನೆಗೆ ಬಂದು ನೋಡಲ್ಲ, ಕಾಗದ ಮತ್ತು ಫೋಟೋ ನೋಡ್ತಾರೆ.

ಅವಳ ಕಡತ ಹೀಗಿತ್ತು. ಮೊದಲ ದಿನವೇ ಓವನ್ ಬಾಗಿಲು ತೆಗೆದು ಫೋಟೋ ತೆಗೆದು ಏಜೆಂಟಿಗೆ ಈಮೇಲ್ ಮಾಡಿದ್ದಳು. ಆಗಲೇ ಒಳಗೆ ಹಳೇ ಜಿಡ್ಡಿತ್ತು. ಬಂದಾಗ ಇಲ್ಲದ ಶುಚಿಯನ್ನು ಹೋಗುವಾಗ ಕೇಳೋಕಾಗಲ್ಲ. ಆದರೆ ಹೊಸದಾಗಿ ಕೂತ ಜಿಡ್ಡೂ ಇತ್ತು ಅಂತ 240ರಲ್ಲಿ 70 ಮಾತ್ರ ಮಾಲೀಕನಿಗೆ ಹೋಯಿತು. ಬೂಷ್ಟಿಗೆ ನವೆಂಬರ್ ತಿಂಗಳ ಈಮೇಲ್ ಇತ್ತು: ಎಕ್ಸಾಸ್ಟ್ ಫ್ಯಾನ್ ಕೆಟ್ಟಿದೆ, ಗೋಡೆ ಬೆವರ್ತಿದೆ, ರಿಪೇರಿ ಮಾಡಿಸಿ. ಜನವರಿಯಲ್ಲಿ ಇನ್ನೊಂದು. ಮಾಲೀಕ ಮಾಡಿಸಿರಲಿಲ್ಲ. 140ರಲ್ಲಿ ಸೊನ್ನೆ. ಸುಟ್ಟ ಕಲೆ ನಿಜ. ಆದರೆ ಕಟ್ಟೆ ಹಾಕಿ ಎಂಟು ವರ್ಷವಾಗಿತ್ತು, ಅದರ ಆಯಸ್ಸನ್ನು ಹತ್ತು ವರ್ಷ ಅಂತ ಹಿಡಿದರು. ಹಳೇದಕ್ಕೆ ಬದಲು ಹೊಸದನ್ನು ಬಾಡಿಗೆದಾರರ ದುಡ್ಡಿನಲ್ಲಿ ಹಾಕಿಸಿಕೊಳ್ಳೋ ಹಾಗಿಲ್ಲ. ಉಳಿದಿದ್ದ ಎರಡು ವರ್ಷಕ್ಕೆ, 480ರಲ್ಲಿ ಹತ್ತರಲ್ಲೆರಡು ಪಾಲು, 96. ಒಟ್ಟು 860ರಲ್ಲಿ ಮಾಲೀಕನಿಗೆ ಸಿಕ್ಕಿದ್ದು 166.

ಆಮೇಲೆ ಒಳಗಿನ ಲೆಕ್ಕ. ಫೋನಿನಲ್ಲಿ ಅವಳೇ ಅಂದಳು: "ಮಾವ, ಆ ಕಲೆ ನಂದೇ. ರೊಟ್ಟಿ ಮಾಡಿ ಬಿಸಿ ತವಾ ಕಟ್ಟೆ ಮೇಲೆ ಇಟ್ಟುಬಿಟ್ಟೆ. ಯಾರೂ ನೋಡಿಲ್ಲ."

ನನಗೂ ಒಂದು ಗಳಿಗೆ ಅನ್ನಿಸ್ತು, ಸುಳ್ಳಲ್ಲ, ನಾಲ್ಕು ಭಾಗ ಮಾಡಿ ಸುಮ್ಮನಿರಲಿ ಅಂತ. ಅಷ್ಟು ತಿಂಗಳು ಒಲೆ ಒರೆಸಿದವರಿಗೆ ಯಾಕೆ ನ್ಯಾಯ? ನಾನು ಬಾಯಿ ಬಿಡೋ ಮೊದಲೇ ಅವಳು ತೀರ್ಮಾನ ಮಾಡಿಯಾಗಿತ್ತು. ಗ್ರೂಪಿನಲ್ಲಿ ಬರೆದಳು: ಕಟ್ಟೆಯ 96 ನನ್ನದು, ತವಾ ಇಟ್ಟಿದ್ದು ನಾನು. ಓವನ್ನಿನ 70 ನಾಲ್ವರದು, ತಲಾ 17.50, ಸರದಿಯ ಫೋಟೋಗಳು ಇದೇ ಗ್ರೂಪಿನಲ್ಲಿವೆ, ನೋಡಿಕೊಳ್ಳಿ. ಅವರ ಸರದಿಯ ಎಷ್ಟೋ ವಾರಗಳಲ್ಲಿ ಫೋಟೋ ಇರಲಿಲ್ಲ. ಉತ್ತರವೂ ಬರಲಿಲ್ಲ. ಉಳಿದ ಮೂವರಿಗೆ ತಲಾ 482.50 ಸಿಕ್ಕಿತು, ಅವಳಿಗೆ 386.50.

ಬಾಬಾಸಾಹೇಬರು ವಿದೇಶದಲ್ಲಿ ಓದಿ ಬರೋಡಕ್ಕೆ ಬಂದಾಗ ಇರೋಕೆ ಒಂದು ರೂಮು ಸಿಗದೆ ಮರದ ಕೆಳಗೆ ಕೂತು ಅತ್ತಿದ್ದನ್ನು ನಾವೆಲ್ಲ ಓದಿದ್ದೀವಿ. ನನ್ನ ಸೊಸೆಗೆ ರೂಮು ಸಿಕ್ಕಿತು, ಒಲೆಯಲ್ಲಿ ಪಾಲು ಸಿಗಲು ಒಂದು ಹಾಳೆ ಬರೆಯಬೇಕಾಯಿತು.

ಹೊರಡೋ ಮಕ್ಕಳೇ, ಬೀಗದ ಕೈ ತಗೊಂಡ ದಿನ ಸೂಟ್‌ಕೇಸ್ ಬಿಚ್ಚೋ ಮೊದಲು ಓವನ್ ಬಾಗಿಲು ತೆಗೆದು ಒಂದು ಫೋಟೋ ತೆಗೆಯಿರಿ. ಬಿಸಿ ತವಾ ಕಟ್ಟೆ ಮೇಲೆ ಇಡಬೇಡಿ.